ಹಸಿರು ಗಂಡಿನ ಒಳಗೆ ಏನಿದೆ? ನೀಲಿ ಹೆಣ್ಣನ್ನೇ ಕೇಳಿ

ಪ್ರಶ್ನೆ: ಸರ್, ವಿಜಯನಗರದಲ್ಲಿ ನಮ್ಮ ಮನೆ ಟೆರೇಸ್ ಮೇಲೆ ಲವ್ ಬರ್ಡ್ಸ್ ಸಾಕಿದ್ದೇನೆ. ಶಿವಾಜಿನಗರದ ಕಡೆ ಒಬ್ಬರ ಹತ್ತಿರ ಒಂದು ಹಸಿರು ಗಂಡು ತಂದೆ. ‘ಇದು ಸ್ಪ್ಲಿಟ್ ಬ್ಲೂ, ಗ್ಯಾರಂಟಿ. ಅಪ್ಪ ಅಮ್ಮ ಎರಡೂ ಹಸಿರು, ಆದ್ರೆ ಇದರ ಜೊತೆ ಹುಟ್ಟಿದ ಮರಿಗಳಲ್ಲಿ ನೀಲಿ ಇತ್ತು’ ಅಂತ ಹೇಳಿ 300 ರೂಪಾಯಿ ಜಾಸ್ತಿ ತಗೊಂಡರು. ನೀಲಿ ಹೆಣ್ಣಿನ ಜೊತೆ ಜೋಡಿ ಮಾಡಿದೆ. ಆರು ಮೊಟ್ಟೆ, ನಾಲ್ಕು ಮರಿ, ನಾಲ್ಕೂ ಹಸಿರು. ‘ಅರ್ಧ ನೀಲಿ ಬರಬೇಕಿತ್ತು, ಮೋಸ ಹೋದೆ’ ಅಂತಾನೆ ಗೆಳೆಯ. ‘ನೀಲಿ ಹೆಣ್ಣು ಯಾಕೆ, ಒಳ್ಳೆ ಹಸಿರು ಹೆಣ್ಣಿನ ಜೊತೆ ಬಿಟ್ಟು ನೋಡು’ ಅಂತಾರೆ ಮಾವ. ಅದೇ ಪಂಜರದಲ್ಲಿ ಇನ್ನೂ ಎರಡು ಜೋಡಿ ಇವೆ. ಈ ಗಂಡಿನ ಒಳಗೆ ನೀಲಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ?

ಉತ್ತರ: ನಿಮ್ಮ ಗೆಳೆಯ ಆತುರಪಟ್ಟಿದ್ದಾರೆ. ನಾಲ್ಕು ಮರಿ ನೋಡಿ ಮೋಸ ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಹಾಗಂತ ಮಾರಿದವರ ‘ಗ್ಯಾರಂಟಿ’ಯೂ ನಿಲ್ಲುವುದಿಲ್ಲ. ಅವರು ಕೊಟ್ಟ ವಿವರ ನಿಜವೇ ಆಗಿದ್ದರೂ ಅದರಿಂದ ಗ್ಯಾರಂಟಿ ಸಿಗುವುದಿಲ್ಲ, ಮೂರರಲ್ಲಿ ಎರಡು ಪಾಲು ಸಾಧ್ಯತೆ ಮಾತ್ರ ಸಿಗುತ್ತದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಬಣ್ಣದ ವಿಷಯ.

ಈ ಹಕ್ಕಿಯ ಸರಿಯಾದ ಹೆಸರು ಬಜರಿಗರ್. ಲವ್ ಬರ್ಡ್ ಅನ್ನುವ ಹೆಸರಿನ ಗಿಳಿ ಬೇರೆಯೇ ಇದೆ, ಅದು ಆಫ್ರಿಕಾದ್ದು. ಆದರೆ ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಇದೇ ಲವ್ ಬರ್ಡ್ಸ್. ಸಾಕುವವರು ಚಿಕ್ಕದಾಗಿ ‘ಬಜ್ಜಿ’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಪದ ಕೇಳಿದರೆ ಎಲ್ಲರೂ ಮೆಣಸಿನಕಾಯಿ ತಟ್ಟೆ ಹುಡುಕುತ್ತಾರೆ, ಹಾಗಾಗಿ ನಾನು ಅದನ್ನು ಬಳಸುವುದಿಲ್ಲ.

ಹಸಿರು ಹಕ್ಕಿಯ ಗರಿಯಲ್ಲಿ ಹಸಿರು ಬಣ್ಣ ಅಂತ ಒಂದು ವಸ್ತುವೇ ಇಲ್ಲ. ಗರಿಯ ಒಳಗಿನ ಸೂಕ್ಷ್ಮ ರಚನೆಗೆ ಬೆಳಕು ಬಿದ್ದಾಗ ನೀಲಿ ಕಾಣುತ್ತದೆ. ಅದರ ಜೊತೆಗೆ ಗರಿಯಲ್ಲಿ ಹಳದಿ ಬಣ್ಣ ಇರುತ್ತದೆ. ನೀಲಿ, ಹಳದಿ ಸೇರಿ ನಮ್ಮ ಕಣ್ಣಿಗೆ ಹಸಿರು. ನೀಲಿ ಹಕ್ಕಿ ಅಂದರೆ ಹಳದಿ ತಯಾರಾಗದ ಹಕ್ಕಿ, ಅಷ್ಟೇ. ಈ ಹಳದಿಯನ್ನು ತಯಾರಿಸುವ ಕಿಣ್ವ ಯಾವುದು, ಅದರ ಜೀನ್ ಯಾವುದು ಅಂತ 2017ರಲ್ಲಿ ಪತ್ತೆಯಾಯಿತು. ನೀಲಿ ಹಕ್ಕಿಗಳಲ್ಲಿ ಆ ಕಿಣ್ವದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ. ಅಷ್ಟಕ್ಕೇ ಕೆಲಸ ನಿಂತಿದೆ.

ಇದನ್ನು ಚೀಟಿಯ ಲೆಕ್ಕದಲ್ಲಿ ನೋಡೋಣ. ಪ್ರತಿ ಹಕ್ಕಿಯ ಜೇಬಿನಲ್ಲಿ ಎರಡು ಚೀಟಿ ಇರುತ್ತವೆ, ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಒಂದು ಚೀಟಿಯಲ್ಲಿ ‘ಹಳದಿ ಮಾಡು’ ಅಂತ ಬರೆದಿರಬಹುದು, ಅಥವಾ ಅದು ಖಾಲಿ ಇರಬಹುದು. ಬರೆದ ಚೀಟಿ ಒಂದಿದ್ದರೂ ಸಾಕು, ಹಳದಿ ತಯಾರಾಗುತ್ತದೆ, ಹಕ್ಕಿ ಹಸಿರಾಗುತ್ತದೆ. ಎರಡೂ ಖಾಲಿಯಾದರೆ ಮಾತ್ರ ನೀಲಿ.

ಈಗ ತೊಡಕು ಗೊತ್ತಾಯಿತಲ್ವಾ? ಹಸಿರು ಹಕ್ಕಿಯ ಜೇಬಿನಲ್ಲಿ ಬರೆದ ಚೀಟಿ ಎರಡಿರಬಹುದು. ಅಥವಾ ಒಂದು ಬರೆದದ್ದು, ಒಂದು ಖಾಲಿ ಇರಬಹುದು. ಮೊದಲನೆಯದು ಶುದ್ಧ ಹಸಿರು, ಎರಡನೆಯದೇ ನಿಮ್ಮ ‘ಸ್ಪ್ಲಿಟ್’. ಹೊರಗಿನಿಂದ ಎರಡೂ ಒಂದೇ. ‘ಸ್ಪ್ಲಿಟ್ ಆದರೆ ಹಸಿರು ಸ್ವಲ್ಪ ಗಾಢ ಇರುತ್ತೆ, ರೆಕ್ಕೆ ಕೆಳಗೆ ನೀಲಿ ಛಾಯೆ ಇರುತ್ತೆ’ ಅಂತ ಮಾರುಕಟ್ಟೆಯಲ್ಲಿ ಹೇಳುವವರು ಸಿಗುತ್ತಾರೆ. ನಂಬಬೇಡಿ. ತಿಳಿ ಹಸಿರು, ಗಾಢ ಹಸಿರು, ಆಲಿವ್ ಹಸಿರು ಅನ್ನುವ ವ್ಯತ್ಯಾಸ ತರುವುದು ಬೇರೆ ಜೀನ್.

ಪಠ್ಯಪುಸ್ತಕದಲ್ಲಿ ಬರೆದ ಚೀಟಿಯ ಗುಣಕ್ಕೆ ಪ್ರಬಲ, ಖಾಲಿ ಚೀಟಿಯ ಗುಣಕ್ಕೆ ದುರ್ಬಲ ಅಂತ ಹೆಸರು. ನನಗೆ ಈ ‘ದುರ್ಬಲ’ ಅನ್ನುವ ಪದ ಇಷ್ಟವಿಲ್ಲ. ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ‘ಹಾಗಾದ್ರೆ ನೀಲಿ ಹಕ್ಕಿ ವೀಕ್ ಆಗಿರುತ್ತಾ ಮೇಷ್ಟ್ರೇ’ ಅಂತ ಕೇಳುತ್ತಿದ್ದರು. ಹಾಗೇನೂ ಇಲ್ಲ. ಖಾಲಿ ಚೀಟಿ ಸವೆಯುವುದೂ ಇಲ್ಲ, ಬರೆದ ಚೀಟಿಯ ಜೊತೆ ಇದ್ದು ಇದ್ದು ತುಂಬಿಕೊಳ್ಳುವುದೂ ಇಲ್ಲ. ಐದು ತಲೆಮಾರು ಹಸಿರಿನ ಮರೆಯಲ್ಲಿ ಕೂತಿದ್ದು ಆರನೆಯದರಲ್ಲಿ ಅದೇ ಖಾಲಿ ಚೀಟಿಯಾಗಿಯೇ ಹೊರಗೆ ಬರುತ್ತದೆ.

ನೀಲಿ ಹೆಣ್ಣೇ ಯಾಕೆ ಬೇಕು? ಜೇಬಿನಲ್ಲಿ ಏನಿದೆ ಅಂತ ಹೊರಗಿನಿಂದಲೇ ಗೊತ್ತಾಗುವ ಹಕ್ಕಿ ಅದೊಂದೇ. ನೀಲಿ ಕಾಣುತ್ತಿದೆ ಅಂದರೆ ಎರಡೂ ಚೀಟಿ ಖಾಲಿ. ಹಾಗಾದರೆ ಅದು ಪ್ರತಿ ಮೊಟ್ಟೆಗೂ ಕೊಡುವುದು ಖಾಲಿ ಚೀಟಿಯನ್ನೇ. ಬೇರೆ ಕೊಡಲು ಅದರ ಹತ್ತಿರ ಇಲ್ಲವೇ ಇಲ್ಲ. ಆಗ ಮರಿಯ ಬಣ್ಣ ನಿರ್ಧಾರ ಆಗುವುದು ಅಪ್ಪ ಕೊಟ್ಟ ಚೀಟಿಯಿಂದ ಮಾತ್ರ. ಅಪ್ಪ ಬರೆದದ್ದು ಕೊಟ್ಟರೆ ಮರಿ ಹಸಿರು. ಅಪ್ಪ ಖಾಲಿ ಕೊಟ್ಟರೆ ಮರಿ ನೀಲಿ. ಅಮ್ಮನ ಕಡೆಯಿಂದ ಮುಚ್ಚುವಂಥದ್ದು ಏನೂ ಬರುವುದಿಲ್ಲ. ಒಂದೊಂದು ಮರಿಯೂ ಅಪ್ಪನ ಜೇಬಿನಿಂದ ಎತ್ತಿ ತೋರಿಸಿದ ಒಂದೊಂದು ಚೀಟಿ. ಟೆಸ್ಟ್ ಕ್ರಾಸ್ ಅಂದರೆ ಇದೇ. ಅಪ್ಪ ಶುದ್ಧ ಹಸಿರಾದರೆ ಎಷ್ಟು ಮರಿ ಆದರೂ ಎಲ್ಲ ಹಸಿರು. ಸ್ಪ್ಲಿಟ್ ಆದರೆ ಪ್ರತಿ ಮೊಟ್ಟೆಗೂ ಅರ್ಧಕ್ಕರ್ಧ ಅವಕಾಶ.

ನಿಮ್ಮ ಮಾವನವರ ಸಲಹೆ ಕೆಡುವುದು ಇಲ್ಲೇ. ಅವರು ಹೇಳುವ ‘ಒಳ್ಳೆ ಹಸಿರು ಹೆಣ್ಣು’ ಶುದ್ಧ ಹಸಿರಾಗಿದ್ದರೆ ಅದು ಪ್ರತಿ ಮೊಟ್ಟೆಗೂ ಬರೆದ ಚೀಟಿ ಇಡುತ್ತದೆ. ಅಪ್ಪ ಖಾಲಿ ಕೊಟ್ಟರೂ ಅದು ಕಾಣುವುದೇ ಇಲ್ಲ. ನೂರು ಮರಿ ತೆಗೆದರೂ ನೂರೂ ಹಸಿರು, ನಿಮ್ಮ ಪ್ರಶ್ನೆ ಮಾತ್ರ ಇದ್ದಲ್ಲೇ ಇರುತ್ತದೆ. ಆ ಹೆಣ್ಣೂ ಸ್ಪ್ಲಿಟ್ ಆಗಿದ್ದರೆ ನೀಲಿ ಬರಬಹುದು. ಆದರೆ ಅಪ್ಪ ಅಮ್ಮ ಇಬ್ಬರೂ ಖಾಲಿ ಕೊಟ್ಟಾಗ ಮಾತ್ರ, ಅಂದರೆ ನಾಲ್ಕರಲ್ಲಿ ಒಂದು ಸಲ. ಮೇಲಾಗಿ ಆ ಹೆಣ್ಣಿನ ಜೇಬಿನಲ್ಲಿ ಏನಿದೆ ಅಂತಲೂ ನಿಮಗೆ ಗೊತ್ತಿಲ್ಲ. ಒಂದು ಗುಟ್ಟು ಬಿಡಿಸಲು ಹೋಗಿ ಇನ್ನೊಂದನ್ನು ತಂದುಕೊಂಡಂತೆ.

ಈಗ ಗೆಳೆಯನ ‘ಅರ್ಧ ನೀಲಿ’. ಅರ್ಧ ಅನ್ನುವುದು ಒಂದೊಂದು ಮೊಟ್ಟೆಯ ಮಾತು, ಗೂಡಿನ ಲೆಕ್ಕ ಅಲ್ಲ. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ಎರಡು ಹೆಡ್, ಎರಡು ಟೇಲ್ ಬಂದೇ ಬರಬೇಕು ಅಂತ ಇದೆಯಾ? ನಾಲ್ಕೂ ಹೆಡ್ ಬೀಳುವುದು 16ರಲ್ಲಿ ಒಂದು ಸಲ. ಹಾಗೆಯೇ ನಿಜವಾದ ಸ್ಪ್ಲಿಟ್ ಗಂಡು 16 ಇದ್ದು, ಒಂದೊಂದಕ್ಕೂ ನಾಲ್ಕು ಮರಿ ಆದರೆ, ಒಂದರ ಗೂಡಿನಲ್ಲಿ ನಾಲ್ಕೂ ಹಸಿರಾಗುವುದು ಸಹಜ. ಅದು ನಿಮ್ಮದೇ ಆಗಿರಬಹುದು.

ಇಲ್ಲಿ ಒಂದು ವಿಚಿತ್ರ ಇದೆ. ನೀಲಿ ಮರಿ ಒಂದು ಬಂದರೂ ಸಾಕು, ಗಂಡು ಸ್ಪ್ಲಿಟ್ ಅನ್ನುವುದು ಖಚಿತ, ಅಲ್ಲಿಗೆ ಮುಗಿಯಿತು. ಆದರೆ ಹಸಿರು ಮರಿಗಳು ಎಷ್ಟು ಬಂದರೂ ‘ಶುದ್ಧ’ ಅನ್ನುವುದು ಪೂರ್ತಿ ಖಚಿತ ಆಗುವುದಿಲ್ಲ. ಅನುಮಾನ ಅರ್ಧ ಅರ್ಧ ಇಳಿಯುತ್ತಾ ಹೋಗುತ್ತದೆ. ಸ್ಪ್ಲಿಟ್ ಗಂಡು ಐದು ಮರಿಗಳಲ್ಲಿ ಒಂದೂ ನೀಲಿ ಕೊಡದೆ ತಪ್ಪಿಸಿಕೊಳ್ಳುವುದು 32ರಲ್ಲಿ ಒಂದು ಸಲ. ಏಳು ಮರಿಗಳಲ್ಲಾದರೆ 128ರಲ್ಲಿ ಒಂದು. ಹತ್ತಕ್ಕೆ 1024ರಲ್ಲಿ ಒಂದು. ನಾನು ಏಳಕ್ಕೆ ಒಪ್ಪಿಕೊಳ್ಳುತ್ತೇನೆ, ಹತ್ತಾದರೆ ನೆಮ್ಮದಿ. ಇದೇ ಏಳು ಮರಿಗಳನ್ನು ಸ್ಪ್ಲಿಟ್ ಹಸಿರು ಹೆಣ್ಣಿನಿಂದ ತೆಗೆದಿದ್ದರೆ ನೂರಕ್ಕೆ 13 ಸಲ ತಪ್ಪಿಸಿಕೊಳ್ಳುತ್ತಿತ್ತು. ಆ ದಾರಿಯಲ್ಲಿ ನೂರಕ್ಕೆ ಒಂದಕ್ಕಿಂತ ಕಮ್ಮಿ ಮಾಡಲು 17 ಮರಿ ಬೇಕು.

ಮೆಂಡೆಲ್‌ಗೂ ಇದೇ ಕಷ್ಟ ಬಂದಿತ್ತು. 1866ರಲ್ಲಿ ಅಚ್ಚಾದ ಅವರ ಬಟಾಣಿ ಪ್ರಯೋಗದಲ್ಲಿ, ಪ್ರಬಲ ಗುಣ ತೋರಿಸುವ ಗಿಡಗಳಲ್ಲಿ ಯಾವುದು ಶುದ್ಧ, ಯಾವುದು ಮಿಶ್ರ ಅಂತ ನೋಡಬೇಕಿತ್ತು. ಬಟಾಣಿ ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಹಾಗಾಗಿ ಗಿಡದ ಗುಣಗಳ ಮಟ್ಟಿಗೆ ಅವರು ಒಂದೊಂದು ಗಿಡದಿಂದ ಹತ್ತು ಬೀಜ ತೆಗೆದು ಬೆಳೆಸಿದರು. ಒಂದಾದರೂ ದುರ್ಬಲ ಗುಣದ ಗಿಡ ಬಂದರೆ ಮಿಶ್ರ ಅಂತ ಲೆಕ್ಕ. ಆದರೆ ಇಲ್ಲಿ ಅಪ್ಪ ಅಮ್ಮ ಎರಡೂ ಅದೇ ಗಿಡ, ಅಂದರೆ ಇದು ಸ್ಪ್ಲಿಟ್‌ಗೆ ಸ್ಪ್ಲಿಟ್ ಜೋಡಿ ಮಾಡಿದ ಹಾಗೆ. ಹತ್ತು ಬೀಜ ನೆಟ್ಟರೂ ಮಿಶ್ರ ಗಿಡ ನೂರಕ್ಕೆ ಐದಾರು ಸಲ ಶುದ್ಧದ ಹಾಗೆ ಕಾಣುತ್ತದೆ. 600 ಗಿಡಗಳಲ್ಲಿ ಮೆಂಡೆಲ್ ಬರೆದದ್ದು 201 ಶುದ್ಧ, 399 ಮಿಶ್ರ. ತಪ್ಪಿಸಿಕೊಳ್ಳುವುದನ್ನು ಸೇರಿಸಿದರೆ ಶುದ್ಧದ ಪಟ್ಟಿಯಲ್ಲಿ ಸುಮಾರು 222 ಇರಬೇಕಿತ್ತು. 1936ರಲ್ಲಿ ಫಿಶರ್ ಅನ್ನುವ ಸಂಖ್ಯಾಶಾಸ್ತ್ರಜ್ಞ ಇದನ್ನು ಎತ್ತಿ ತೋರಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ, ನಾವು ಅದಕ್ಕೆ ಹೋಗುವುದು ಬೇಡ. ಅದೇ ಹತ್ತು ಬೀಜಗಳನ್ನು ದುರ್ಬಲ ಗುಣದ ಗಿಡದ ಜೊತೆ ಸೇರಿಸಿ ತೆಗೆದಿದ್ದರೆ ಸಾವಿರಕ್ಕೆ ಒಂದು ಮಾತ್ರ ತಪ್ಪಿಸಿಕೊಳ್ಳುತ್ತಿತ್ತು. ಆದರೆ ಆಗ ಪ್ರತಿ ಹೂವನ್ನೂ ಕೈಯಲ್ಲಿ ಬಿಡಿಸಿ ಪರಾಗ ಹಚ್ಚುತ್ತಾ ಕೂರಬೇಕಿತ್ತು.

ಈಗ ನಿಮ್ಮ ಗಂಡಿಗೇ ಬರೋಣ. ಅಪ್ಪ ಅಮ್ಮ ಎರಡೂ ಹಸಿರು, ಜೊತೆಯ ಮರಿಗಳಲ್ಲಿ ನೀಲಿ ಇತ್ತು ಅಂದಿರಿ. ಇದು ನಿಜವಾದರೆ ಅಪ್ಪ ಅಮ್ಮ ಇಬ್ಬರೂ ಸ್ಪ್ಲಿಟ್. ಅಂಥ ಜೋಡಿಗೆ ಹುಟ್ಟುವ ಹಸಿರು ಮರಿ ಮೂರಿದ್ದರೆ ಸರಾಸರಿ ಎರಡು ಸ್ಪ್ಲಿಟ್, ಒಂದು ಶುದ್ಧ. ಇಂಥ ಹಸಿರು ಗಂಡುಗಳು 48 ಇವೆ ಅಂದುಕೊಳ್ಳಿ. 32 ಸ್ಪ್ಲಿಟ್, 16 ಶುದ್ಧ. ಎಲ್ಲಕ್ಕೂ ನೀಲಿ ಹೆಣ್ಣು ಕೊಟ್ಟು ನಾಲ್ಕು ನಾಲ್ಕು ಮರಿ ತೆಗೆಯೋಣ. 32 ಸ್ಪ್ಲಿಟ್‌ಗಳಲ್ಲಿ 16ಕ್ಕೆ ಒಂದರಂತೆ ಎರಡರ ಗೂಡಿನಲ್ಲಿ ಮಾತ್ರ ನಾಲ್ಕೂ ಹಸಿರು. 16 ಶುದ್ಧ ಗಂಡುಗಳ ಗೂಡಿನಲ್ಲಿ ಎಲ್ಲವೂ ಹಸಿರೇ. ಹಾಗಾದರೆ ನಾಲ್ಕೂ ಹಸಿರು ಕಂಡ ಗೂಡು ಒಟ್ಟು 18. ಅದರಲ್ಲಿ ಸ್ಪ್ಲಿಟ್ ಎರಡು. ನಿಮ್ಮ ಗಂಡು ಸ್ಪ್ಲಿಟ್ ಆಗಿರುವ ಸಾಧ್ಯತೆ ಒಂಬತ್ತರಲ್ಲಿ ಒಂದು. ಕಮ್ಮಿ, ಆದರೆ ಸೊನ್ನೆ ಅಲ್ಲ.

ಮಾರಿದವರಿಗೆ ಫೋನ್ ಮಾಡಿ ಇನ್ನೊಂದು ಸಲ ಕೇಳಿ, ಅಪ್ಪ ಅಮ್ಮ ನಿಜವಾಗಿಯೂ ಎರಡೂ ಹಸಿರಾ ಅಂತ. ಅದರಲ್ಲಿ ಒಂದು ನೀಲಿ ಆಗಿದ್ದರೆ ಲೆಕ್ಕವೇ ಬದಲು. ನೀಲಿ ಅಪ್ಪನೋ ಅಮ್ಮನೋ ಖಾಲಿ ಚೀಟಿ ಕೊಟ್ಟೇ ಇರುತ್ತಾರೆ, ಹಾಗಾದರೆ ನಿಮ್ಮ ಗಂಡು ಖಂಡಿತ ಸ್ಪ್ಲಿಟ್. ಟೆಸ್ಟೇ ಬೇಡ, ನಾಲ್ಕು ಹಸಿರು ಸುಮ್ನೆ ಅದೃಷ್ಟ.

ಇಷ್ಟೆಲ್ಲ ಲೆಕ್ಕ ಒಂದು ಮಾತಿನ ಮೇಲೆ ನಿಂತಿದೆ: ಆ ನಾಲ್ಕು ಮರಿಗಳ ಅಪ್ಪ ಈ ಗಂಡೇ, ಅಮ್ಮ ಈ ಹೆಣ್ಣೇ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಚಿಂತೆ ತಂದದ್ದು ಕೊನೆಗೆ ಬರೆದ ಮಾತು, ‘ಅದೇ ಪಂಜರದಲ್ಲಿ ಇನ್ನೂ ಎರಡು ಜೋಡಿ ಇವೆ’. ಲವ್ ಬರ್ಡ್ಸ್ ಜೋಡಿ ಕಟ್ಟಿಕೊಳ್ಳುತ್ತವೆ ನಿಜ, ಆದರೆ ಹೆಸರಿಗೆ ತಕ್ಕಷ್ಟು ನಿಯತ್ತು ಅವಕ್ಕಿಲ್ಲ. ಒಂದೇ ಪಂಜರದಲ್ಲಿದ್ದರೆ ಹೆಣ್ಣು ಪಕ್ಕದ ಗಂಡಿನ ಜೊತೆಗೂ ಕೂಡಬಹುದು. ಒಂದರ ಕುಡಿಕೆಯಲ್ಲಿ ಇನ್ನೊಂದು ಹೆಣ್ಣು ಮೊಟ್ಟೆ ಇಟ್ಟು ಬರುವುದೂ ಉಂಟು.

ನಾನೇ ಒಮ್ಮೆ ಹೀಗೆ ಮೂರ್ಖನಾಗಿದ್ದೇನೆ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲ. ಬಾಟಲಿಯೊಳಗಿನ ಹಣ್ಣಿನ ನೊಣಗಳಿಗೆ ಟೆಸ್ಟ್ ಕ್ರಾಸ್ ಮಾಡಿಸುವಾಗ, ಹೆಣ್ಣು ನೊಣ ಕೋಶದಿಂದ ಹೊರಬಂದ ಎಂಟು ಗಂಟೆಯೊಳಗೆ ಬೇರೆ ಮಾಡಿ ಅಂತ ಹುಡುಗರಿಗೆ ಬೈಯುತ್ತಿದ್ದೆ. ಅದಾದ ಮೇಲೆ ಅದು ಯಾವ ಗಂಡಿನ ಜೊತೆ ಕೂಡಿತ್ತೋ ಹೇಳಲು ಆಗುವುದಿಲ್ಲ. ಮನೆಗೆ ಬಂದರೆ ನನ್ನದೇ ಟೆರೇಸ್ ಪಂಜರದಲ್ಲಿ ನಾಲ್ಕು ಜೋಡಿ ಒಟ್ಟಿಗೆ. ಒಂದು ಹಸಿರು ಗಂಡಿನ ಗೂಡಿನಲ್ಲಿ ನಾಲ್ಕು ಹಸಿರು, ಒಂದು ನೀಲಿ ಮರಿ ಕಂಡಿತು. ಸ್ಪ್ಲಿಟ್ ಅಂತ ಸಾರಿದೆ, ಸ್ನೇಹಿತರೊಬ್ಬರಿಗೆ ಹಾಗೆಂದೇ ಕೊಟ್ಟೆ. ಅವರು ಅದನ್ನು ನೀಲಿ ಹೆಣ್ಣಿನ ಜೊತೆ ಬೇರೆ ಪಂಜರದಲ್ಲಿ ಬಿಟ್ಟರು. ಎರಡು ಸುತ್ತಿನಲ್ಲಿ ಹನ್ನೊಂದು ಮರಿ, ಹನ್ನೊಂದೂ ಹಸಿರು. 2048ರಲ್ಲಿ ಒಂದು ಸಲ ಆಗುವಂಥದ್ದು ಅವರ ಮನೆಯಲ್ಲೇ ಆಯಿತು ಅಂತ ವಾದಿಸಬಹುದಿತ್ತು. ಆದರೆ ನನ್ನ ಪಂಜರದಲ್ಲಿ ಒಂದು ನೀಲಿ ಗಂಡೂ ಇತ್ತಲ್ಲ. ಆ ಒಂದು ನೀಲಿ ಮರಿ ಬಹುಶಃ ಅದರದ್ದು.

ನಿಮ್ಮ ಪಂಜರದ ಉಳಿದ ಎರಡು ಗಂಡುಗಳ ಬಣ್ಣ ನೀವು ಬರೆದಿಲ್ಲ. ಎರಡೂ ನೀಲಿಯಾಗಿದ್ದು, ಮೊಟ್ಟೆಗಳೂ ಇದೇ ಹೆಣ್ಣಿನವಾದರೆ, ನಾಲ್ಕು ಹಸಿರು ಮರಿಗಳ ಅಪ್ಪ ಖಂಡಿತ ನಿಮ್ಮ ಗಂಡೇ. ನೀಲಿಗೆ ನೀಲಿ ಸೇರಿದರೆ ಹಸಿರು ಹುಟ್ಟುವುದಿಲ್ಲ. ಇನ್ನೊಂದು ಹಸಿರು ಗಂಡು ಇದ್ದರೆ ಆ ನಾಲ್ಕನ್ನು ಲೆಕ್ಕದಿಂದ ಬಿಟ್ಟು ಮೊದಲಿನಿಂದ ಶುರು ಮಾಡುವುದು ವಾಸಿ.

ಮತ್ತೆ ಮಾಡುವುದಾದರೆ ಹೀಗೆ ಮಾಡಿ. ಈ ನೀಲಿ ಹೆಣ್ಣನ್ನು ಒಂದು ತಿಂಗಳು ಯಾವ ಗಂಡೂ ಇಲ್ಲದ ಪಂಜರದಲ್ಲಿ ಇಡಿ. ಹಿಂದಿನ ಗಂಡಿನ ವೀರ್ಯ ಹೆಣ್ಣಿನ ಒಳಗೆ ಕೆಲವು ದಿನ ಉಳಿದು ಕೆಲಸ ಮಾಡುತ್ತದೆ, ಅದು ಮುಗಿಯಬೇಕು. ಹೆಣ್ಣಿಗೂ ವಿಶ್ರಾಂತಿ ಬೇಕು. ಮರಿ ಬೆಳೆಸಿ ಸೊರಗಿದ ಹೆಣ್ಣನ್ನು ತಕ್ಷಣ ಮತ್ತೆ ಮೊಟ್ಟೆಗೆ ಕೂರಿಸಿದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವ ಅಪಾಯ ಇದೆ. ವರ್ಷಕ್ಕೆ ಎರಡು ಸುತ್ತು ಸಾಕು, ಜೊತೆಗೆ ಕ್ಯಾಲ್ಸಿಯಂಗೆ ಕಟ್ಲ್ ಬೋನ್ ನೇತುಹಾಕಿ. ಅವಸರ ಇದ್ದರೆ ಇನ್ನೊಂದು ನೀಲಿ ಹೆಣ್ಣು ತನ್ನಿ, ಅದನ್ನೂ ಹೀಗೆಯೇ ಬೇರೆ ಇಟ್ಟು ಆಮೇಲೆ ಗಂಡಿನ ಜೊತೆ ಬಿಡಿ. ಪರೀಕ್ಷೆ ಗಂಡಿನದ್ದು, ಹಾಗಾಗಿ ಎರಡು ಹೆಣ್ಣುಗಳ ಮರಿಗಳನ್ನು ಕೂಡಿಸಿ ಎಣಿಸಬಹುದು. ಆದರೆ ಹಳದಿ ಮುಖದ ನೀಲಿ ಹೆಣ್ಣು ಬೇಡ. ಅದರ ಮರಿಗಳಲ್ಲಿ ಕೆಲವು ನೀಲಿಯೋ ಹಸಿರೋ ಹೇಳಲಾಗದಂಥ ಬಣ್ಣಕ್ಕೆ ತಿರುಗುತ್ತವೆ. ಬಿಳಿ ಮುಖದ ಸಾದಾ ನೀಲಿಯೇ ಇರಲಿ.

ಒಂದು ಪಂಜರ, ಒಂದು ಗಂಡು, ಒಂದು ಹೆಣ್ಣು, ಒಂದು ಮಣ್ಣಿನ ಕುಡಿಕೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದೊಂದು ಮೊಟ್ಟೆ ಇಡುತ್ತದೆ, ಒಂದೊಂದೂ ಸುಮಾರು 18 ದಿನಕ್ಕೆ ಒಡೆಯುತ್ತದೆ. ಒಡೆಯದ ಮೊಟ್ಟೆಯನ್ನು, ಗರಿ ಬರುವ ಮೊದಲೇ ಸತ್ತ ಮರಿಯನ್ನು ಲೆಕ್ಕಕ್ಕೆ ತಗೊಳ್ಳಬೇಡಿ. ಹಿಂದಿನ ಸುತ್ತಿನಲ್ಲಿ ಹಾಳಾದ ಆ ಎರಡು ಮೊಟ್ಟೆ ಯಾವ ಬಣ್ಣದ್ದು ಅಂತ ಯಾರಿಗೂ ಹೇಳಲು ಆಗುವುದಿಲ್ಲ.

ಇನ್ನೊಂದು ಮಾತು. ನಿಮಗೆ ಬೇಕಾಗಿರುವುದು ನೀಲಿ ಮರಿಗಳೇ ಆದರೆ ಈ ಗಂಡಿನ ಗುಟ್ಟು ಬಿಡಿಸುವ ಅಗತ್ಯವೇ ಇಲ್ಲ. ಮೊಟ್ಟೆಗಳು ಈ ನೀಲಿ ಹೆಣ್ಣಿನವೇ ಆಗಿದ್ದರೆ ಆ ನಾಲ್ಕು ಹಸಿರು ಮರಿಗಳು, ಅಪ್ಪ ಯಾರೇ ಆಗಿರಲಿ, ನಾಲ್ಕೂ ಸ್ಪ್ಲಿಟ್. ಅಮ್ಮ ಖಾಲಿ ಚೀಟಿ ಕೊಟ್ಟೇ ಇದ್ದಾಳೆ. ಅವು ವರ್ಷ ತುಂಬಿದ ಮೇಲೆ ಅದರಲ್ಲಿ ಒಂದು ಗಂಡಿಗೆ ಸಂಬಂಧ ಇಲ್ಲದ ನೀಲಿ ಹೆಣ್ಣು ತಂದು ಬಿಡಿ. ಸರಾಸರಿ ಅರ್ಧ ನೀಲಿ ಬರುತ್ತದೆ. ಅಪ್ಪನಿಗೇ ಮಗಳನ್ನು ಜೋಡಿ ಮಾಡಲು ಕೆಲವರು ಹೇಳಬಹುದು, ಬೇಡ. ಒಳಸಂಬಂಧದಿಂದ ಬೇರೆ ಕೆಟ್ಟ ಚೀಟಿಗಳೂ ಜೊತೆಯಾಗುತ್ತವೆ. ಅಪ್ಪ ಶುದ್ಧ ಹಸಿರಾದರೆ ಒಂದೇ ಒಂದು ನೀಲಿಯೂ ಬರುವುದಿಲ್ಲ.

300 ರೂಪಾಯಿಯ ಲೆಕ್ಕ ಚುಕ್ತಾ ಮಾಡಲೇಬೇಕು ಅಂದರೆ ಮಾತ್ರ ಎರಡನೇ ಸುತ್ತು. ಮರಿ ಹುಟ್ಟಿದಾಗ ಎಲ್ಲವೂ ಗುಲಾಬಿ ಮಾಂಸದ ಮುದ್ದೆಗಳೇ, ಆಗ ನೋಡಿ ಪ್ರಯೋಜನ ಇಲ್ಲ. ಎರಡು ವಾರದ ಹೊತ್ತಿಗೆ ಮುಳ್ಳಿನಂಥ ಗರಿಗಳು ಹೊರಡುತ್ತವೆ. ಅವುಗಳ ತುದಿ ಒಡೆದಾಗ ಬೆಳಗಿನ ಬೆಳಕಿನಲ್ಲಿ ಕುಡಿಕೆ ಇಳಿಸಿ, ಮರಿಯ ಹೊಟ್ಟೆಯ ಕಡೆ ನೋಡಿ. ಅಲ್ಲಿ ಹಳದಿ ಕಲೆತ ಹಸಿರಿದ್ದರೆ ಪುಸ್ತಕದಲ್ಲಿ ಒಂದು ಗೆರೆ ಎಳೆಯಿರಿ. ಹಳದಿಯ ಸುಳಿವೇ ಇಲ್ಲದ ತಿಳಿ ನೀಲಿ ಕಂಡರೆ ಎಣಿಸುವುದನ್ನು ನಿಲ್ಲಿಸಿ ಗೆಳೆಯನನ್ನು ಟೆರೇಸಿಗೆ ಕರೆಯಿರಿ.